ಹಬ್ಬಕ್ಕೆ ಪುಟ ಹೊಸದಾಗಲಿ, ವಿಳಾಸ ಹಳೆಯದೇ ಇರಲಿ

ಗಣಪತಿಯನ್ನು ಕೆರೆಗೆ ಬಿಟ್ಟು ಬರುವ ಹೊತ್ತಿಗೆ ಮಲೆನಾಡಿನ ಮಳೆ ಸ್ವಲ್ಪ ಬಿಡುವು ಕೊಡುತ್ತದೆ. ಮೂಡಿಗೆರೆ, ಆಲ್ದೂರು, ಕಳಸದ ಕಡೆ ಸ್ವಂತ ತೋಟದ ಕಾಫಿಯನ್ನು ಹುರಿದು, ಪುಡಿ ಮಾಡಿ, ಆನ್‌ಲೈನ್‌ನಲ್ಲಿ ಮಾರುವ ಮನೆಗಳಲ್ಲಿ ಆಗ ಒಂದು ಗಡಿಬಿಡಿ ಶುರುವಾಗುತ್ತದೆ. ಪ್ಯಾಕೆಟ್‌ಗಳು ಜಗಲಿಗೆ ಬರುತ್ತವೆ. ಕೆಳಗೆ ಬಾಳೆಲೆ, ಪಕ್ಕದಲ್ಲಿ ಹಿತ್ತಾಳೆ ದೀಪ, ನಾಲ್ಕು ಸೇವಂತಿಗೆ. ರಜೆಗೆಂದು ಬೆಂಗಳೂರಿನಿಂದ ಬಂದ ಮಗಳು ಮೊಬೈಲು ಹಿಡಿದು ಬಗ್ಗಿ ನಿಂತಿರುತ್ತಾಳೆ. “ಹಳೇ ಪೇಜು ಚೆನ್ನಾಗೇ ಇಲ್ಲ ಅಪ್ಪಾ. ಅದನ್ನ ತೆಗೆದುಹಾಕಿ ದೀಪಾವಳಿಗೆ ಅಂತ ಹೊಸದೇ ಮಾಡಿಬಿಡ್ತೀನಿ.” ಅಪ್ಪನಿಗೆ ಡ್ರೈಯರ್ ಕಡೆ ಗಮನ. “ಮಾಡು ಮಗಾ” ಎನ್ನುತ್ತಾರೆ.

ಹೊಸ ಪುಟ ನೋಡಲು ಚೆನ್ನಾಗಿಯೇ ಇರುತ್ತದೆ. ಆದರೆ ದಸರಾ ಬರುವಷ್ಟರಲ್ಲಿ ಆರ್ಡರ್‌ಗಳು ಸೊರಗುತ್ತವೆ. ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ‘ಫಿಲ್ಟರ್ ಕಾಫಿ ಪುಡಿ’ ಎಂದು ಹುಡುಕುವವರಿಗೆ ಮೊದಲ ಪುಟದಲ್ಲಿ ಕಾಣುತ್ತಿದ್ದ ಪ್ಯಾಕೆಟ್ ಈಗ ಕಾಣುವುದೇ ಇಲ್ಲ. ಸರಕು ಅದೇ, ತೋಟ ಅದೇ, ಬೆಲೆಯೂ ಅದೇ. ಹೋದದ್ದು ಹುಡುಕಾಟದಲ್ಲಿ ಅದಕ್ಕಿದ್ದ ಜಾಗ.

ಜಾಗ ಯಾವುದಕ್ಕೆ ಅಂಟಿಕೊಂಡಿರುತ್ತದೆ?

ಹುಡುಕಾಟದಲ್ಲಿ ಸಿಗುವ ಸ್ಥಾನ ಕಾಫಿಗೆ ಸಿಕ್ಕಿದ್ದಲ್ಲ, ಪುಟದ ವಿಳಾಸಕ್ಕೆ ಸಿಕ್ಕಿದ್ದು. ಇಡೀ ವಿಷಯದ ಗಂಟು ಇರುವುದು ಇಲ್ಲೇ. ಸ್ವಂತ ವೆಬ್‌ಸೈಟಿನಲ್ಲಾದರೆ ಆ ವಿಳಾಸ ಎಂದರೆ ಲಿಂಕು. ಯಾರೋ ತಮ್ಮ ಬರಹದಲ್ಲಿ ನಿಮ್ಮ ಕಾಫಿಯ ಲಿಂಕು ಕೊಟ್ಟಿರುತ್ತಾರೆ. ಗೂಗಲ್ ಆ ಪುಟಕ್ಕೆ ಹಲವು ಸಲ ಬಂದು ಓದಿಕೊಂಡು ಹೋಗಿ, ಇದು ಇಂಥ ಪ್ರಶ್ನೆಗೆ ಸರಿಯಾದ ಉತ್ತರ ಎಂದು ಗುರುತು ಹಾಕಿಕೊಂಡಿರುತ್ತದೆ. ಇದೆಲ್ಲ ಜಮೆಯಾಗಿರುವುದು ಆ ಒಂದು ಲಿಂಕಿನ ಖಾತೆಯಲ್ಲಿ.

ಅಮೆಜಾನಿನಂಥ ಮಾರುಕಟ್ಟೆಯಲ್ಲಿ ವಿಳಾಸದ ಬದಲು ಹತ್ತು ಅಕ್ಷರ-ಅಂಕಿಗಳ ಒಂದು ಗುರುತಿನ ಸಂಖ್ಯೆ ಇರುತ್ತದೆ. ಮಾರುವವರು ಅದನ್ನು ಎಎಸ್‌ಐಎನ್ ಎನ್ನುತ್ತಾರೆ. ಗಿರಾಕಿಗಳ ವಿಮರ್ಶೆ, ನಕ್ಷತ್ರ, ಇಲ್ಲಿಯವರೆಗಿನ ಮಾರಾಟದ ಚರಿತ್ರೆ ಎಲ್ಲವೂ ಆ ಸಂಖ್ಯೆಯ ಕೆಳಗೇ ಇರುತ್ತದೆ. ಹುಡುಕಿದ ಪದಕ್ಕೂ ಲಿಸ್ಟಿಂಗಿನ ಪದಕ್ಕೂ ಇರುವ ಹೊಂದಾಣಿಕೆ, ಬೆಲೆ, ದಾಸ್ತಾನು, ಮಾರಾಟದ ಚರಿತ್ರೆ ಇವುಗಳೆಲ್ಲ ಸ್ಥಾನವನ್ನು ನಿರ್ಧರಿಸುತ್ತವೆ ಎಂದು ಕಂಪನಿಯೇ ಮಾರಾಟಗಾರರಿಗೆ ಹೇಳುತ್ತದೆ. ಯಾವುದಕ್ಕೆ ಎಷ್ಟು ತೂಕ ಎಂಬುದನ್ನು ಮಾತ್ರ ಹೇಳುವುದಿಲ್ಲ.

ಹಳೆಯ ಪುಟ ಅಳಿಸಿ ಹೊಸದು ಮಾಡಿದಾಗ ಆಗುವುದು ಅಂಗಡಿಗೆ ಸುಣ್ಣ ಬಳಿಯುವ ಕೆಲಸವಲ್ಲ; ಇಪ್ಪತ್ತು ವರ್ಷದ ಅಂಗಡಿಯನ್ನು ರಾತ್ರೋರಾತ್ರಿ ಬೇರೆ ಬೀದಿಗೆ ಸಾಗಿಸಿ, ಹಳೆಯ ಬಾಗಿಲಿಗೆ ಒಂದು ಚೀಟಿಯನ್ನೂ ಅಂಟಿಸದೆ ಬರುವ ಕೆಲಸ. ಹಾಗಾಗಿ ಹಬ್ಬದ ಹೊಸತನ ಏನಿದ್ದರೂ ಹಳೆಯ ವಿಳಾಸದ ಒಳಗೇ ಆಗಬೇಕು.

ಒಂದು ಪ್ಯಾಕೆಟ್‌ನ ಕತೆ

ಲೆಕ್ಕಕ್ಕೊಂದು ಉದಾಹರಣೆ ಕಟ್ಟಿಕೊಳ್ಳೋಣ. ಮೂಡಿಗೆರೆ ಕಡೆಯ ಒಂದು ಮನೆ 250 ಗ್ರಾಂ ಫಿಲ್ಟರ್ ಕಾಫಿ ಪುಡಿ ಮಾರುತ್ತದೆ. 80 ಭಾಗ ಕಾಫಿ, 20 ಭಾಗ ಚಿಕೋರಿ. ಸ್ವಂತ ಸೈಟಿನಲ್ಲಿ ಒಂದು ಪುಟ, ಅಮೆಜಾನಿನಲ್ಲಿ ಒಂದು ಲಿಸ್ಟಿಂಗ್. ಎರಡೂ ಮೂರು ವರ್ಷ ಹಳೆಯವು. ಸೈಟಿನ ಪುಟದ ವಿಳಾಸ `/products/mudigere-filter-coffee`. ಹಬ್ಬಕ್ಕೆ ಅದರ ಹೆಸರನ್ನು ‘ದೀಪಾವಳಿ ಸ್ವರ್ಣ ಬ್ಲೆಂಡ್’ ಎಂದು ಬದಲಿಸಬೇಕೆಂಬ ಆಸೆ.

ಏನನ್ನೂ ಮುಟ್ಟುವ ಮೊದಲು ನೋಡಬೇಕಾದ್ದು, ಜನ ಯಾವ ಪದ ಹಿಡಿದು ಈ ಪುಟಕ್ಕೆ ಬರುತ್ತಿದ್ದಾರೆ ಎಂಬುದನ್ನು. ಗೂಗಲ್‌ನ ಸರ್ಚ್ ಕನ್ಸೋಲ್ ಇದನ್ನು ಪುಕ್ಕಟೆಯಾಗಿ ತೋರಿಸುತ್ತದೆ. ನಮ್ಮ ಉದಾಹರಣೆಯ ಪುಟಕ್ಕೆ ಕಳೆದ 28 ದಿನಗಳಲ್ಲಿ 300 ಕ್ಲಿಕ್ ಬಂದಿವೆ ಎಂದಿಟ್ಟುಕೊಳ್ಳಿ. ಅದರಲ್ಲಿ 210 ಎರಡೇ ಹುಡುಕಾಟಗಳಿಂದ ಬಂದಿವೆ: `chikmagalur filter coffee` ಮತ್ತು `filter coffee powder 80 20`. ಹಾಗಿದ್ದರೆ ಈ ಪುಟಕ್ಕೆ ಅನ್ನ ಹಾಕುತ್ತಿರುವುದು ಊರಿನ ಹೆಸರು, ‘ಫಿಲ್ಟರ್ ಕಾಫಿ’ ಮತ್ತು ಚಿಕೋರಿಯ ಪ್ರಮಾಣ. ‘ಸ್ವರ್ಣ ಬ್ಲೆಂಡ್’ ಎಂದು ಯಾರೂ ಹುಡುಕುತ್ತಿಲ್ಲ, ಏಕೆಂದರೆ ಆ ಹೆಸರು ಹುಟ್ಟಿದ್ದೇ ನಿನ್ನೆ ಈ ಮನೆಯ ಅಡುಗೆಮನೆಯಲ್ಲಿ.

ದುಡಿಯುವ ಆ ಮೂರು ಪದಗಳು ಶೀರ್ಷಿಕೆಯಲ್ಲಿ ಇದ್ದ ಕಡೆಯೇ ಇರಬೇಕು, ಸಾಧ್ಯವಾದರೆ ಮೊದಲಿಗೇ. ಹಬ್ಬದ ಹೆಸರು ಬೇಕೇ ಬೇಕೆಂದರೆ ಸ್ವಂತ ಸೈಟಿನಲ್ಲಿ ವಿವರಣೆಯ ಮೊದಲ ಸಾಲಿಗೆ ಸೇರಲಿ. ಅಮೆಜಾನಿನ ಶೀರ್ಷಿಕೆಯಲ್ಲಂತೂ ‘ಸೇಲ್’, ‘ಫ್ರೀ ಶಿಪ್ಪಿಂಗ್’ ಮುಂತಾದ ಪ್ರಚಾರದ ಮಾತುಗಳಿಗೆ ಅವಕಾಶವೇ ಇಲ್ಲ. ಸಿಕ್ಕಿಬಿದ್ದರೆ ಲಿಸ್ಟಿಂಗನ್ನೇ ಹುಡುಕಾಟದಿಂದ ಮರೆಮಾಡಬಹುದು, ಅದೂ ಹಬ್ಬದ ವಾರದಲ್ಲಿ.

ಊರಿನ ಹೆಸರಿನಲ್ಲೂ ಒಂದು ತೊಡಕಿದೆ. 2014ರ ನವೆಂಬರ್ 1ರಿಂದ ಸರ್ಕಾರಿ ಇಂಗ್ಲಿಷ್ ಬರಹದಲ್ಲಿ ನಮ್ಮ ಜಿಲ್ಲೆ Chikkamagaluru. ಆದರೆ ಹುಡುಕುವವರ ಬೆರಳು ಇಂದಿಗೂ Chikmagalur ಎಂದೇ ಒತ್ತುವುದುಂಟು. 2019ರಲ್ಲಿ ಇಲ್ಲಿನ ಅರೇಬಿಕಾಗೆ ಭೌಗೋಳಿಕ ಸೂಚಿಕೆ, ಅಂದರೆ ಜಿಐ ಮಾನ್ಯತೆ ಸಿಕ್ಕಾಗಲೂ ನೋಂದಣಿಯಾದದ್ದು ಹಳೆಯ ಕಾಗುಣಿತದಲ್ಲೇ. ಅಭಿಮಾನಕ್ಕೆಂದು ಶೀರ್ಷಿಕೆಯ ಹಳೆಯ ಹೆಸರನ್ನು ಒರೆಸಿಬಿಟ್ಟರೆ ಮಾರುಕಟ್ಟೆಯ ಹುಡುಕಾಟದಲ್ಲಿ ಪೆಟ್ಟು ಬೀಳಬಹುದು. ಗೂಗಲ್ ಎರಡೂ ಒಂದೇ ಊರು ಎಂದು ಬಹುಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತದೆ. ಮಾರುಕಟ್ಟೆ ತಾಣಗಳ ಜಾಣತನವನ್ನು ಅಷ್ಟು ನಂಬಿ ಕೂರುವಂತಿಲ್ಲ. ಶೀರ್ಷಿಕೆಯಲ್ಲಿ ದುಡಿಯುತ್ತಿರುವ ಕಾಗುಣಿತ, ವಿವರಣೆಯಲ್ಲಿ ಇನ್ನೊಂದು, ಎರಡಕ್ಕೂ ಜಾಗವಿದೆ.

ಅದೇ ಜಿಐ ಹೆಸರಿನ ಆಸೆಗೆ ಬಿದ್ದು, ಜನ ಹುಡುಕುತ್ತಾರೆಂದು ರೋಬಸ್ಟಾ ಬೆರೆತ ಪುಡಿಗೆ ‘ಬಾಬಾಬುಡನ್‌ಗಿರಿ ಅರೇಬಿಕಾ’ ಎಂದು ಶೀರ್ಷಿಕೆ ಕೊಡುವವರೂ ಇದ್ದಾರೆ. ಅದು ಆ ಗಿರಿಸಾಲಿನ ಅರೇಬಿಕಾಗೆ ಮೀಸಲಾದ, 2019ರಲ್ಲೇ ನೋಂದಣಿಯಾದ ಹೆಸರು. ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಂಡಿರಬೇಕು. ಇದು ಹುಡುಕಾಟದ ಸ್ಥಾನದ ಪ್ರಶ್ನೆಯಲ್ಲ, ಕಾನೂನಿನ ಪ್ರಶ್ನೆ.

ಲಿಂಕು ಬದಲಿಸಲೇಬೇಕಾದರೆ

ಕೆಲವೊಮ್ಮೆ ವಿಳಾಸ ಬದಲಾಗುವುದು ಅನಿವಾರ್ಯ. ಸೈಟನ್ನು ಬೇರೆ ವ್ಯವಸ್ಥೆಗೆ ಸಾಗಿಸಿದಾಗ ಲಿಂಕುಗಳ ರೂಪವೇ ಬೇರೆಯಾಗುತ್ತದೆ. ಆಗ ಹಳೆಯ ಬಾಗಿಲಿಗೆ ಚೀಟಿ ಅಂಟಿಸುವ ಕ್ರಮವೊಂದಿದೆ. ಅದಕ್ಕೆ 301 ರಿಡೈರೆಕ್ಟ್ ಎನ್ನುತ್ತಾರೆ. ‘ಈ ಪುಟ ಶಾಶ್ವತವಾಗಿ ಅಲ್ಲಿಗೆ ಹೋಗಿದೆ’ ಎಂದು ಅದು ಬಂದವರಿಗೂ ಗೂಗಲ್‌ಗೂ ಹೇಳುತ್ತದೆ. ಅಪಾಚೆ ಸರ್ವರ್‌ನಲ್ಲಾದರೆ `.htaccess` ಕಡತದಲ್ಲಿ ಇಷ್ಟೇ ಸಾಲು:

```
Redirect 301 /mudigere-coffee /products/mudigere-filter-coffee
```

ಶಾಪಿಫೈ ಬಳಸುವವರಿಗೆ ಇಷ್ಟೂ ಬೇಕಿಲ್ಲ. ಪುಟದ ವಿಳಾಸ ತಿದ್ದುವಾಗ ಹಳೆಯದರಿಂದ ಹೊಸದಕ್ಕೆ ರಿಡೈರೆಕ್ಟ್ ಮಾಡಬೇಕೇ ಎಂದು ಕೇಳುವ ಪುಟ್ಟ ಚೌಕವೊಂದು ಕಾಣುತ್ತದೆ. ಅದರ ಟಿಕ್ ತೆಗೆಯದಿದ್ದರೆ ಸಾಕು.

ಹಳೆಯ ಲಿಂಕನ್ನು ಅದಕ್ಕೆ ಸರಿಹೊಂದುವ ಹೊಸ ಪುಟಕ್ಕೇ ಕಳಿಸಬೇಕು, ಮುಖಪುಟಕ್ಕಲ್ಲ. ಎಲ್ಲ ಹಳೆಯ ಲಿಂಕುಗಳನ್ನೂ ಸೋಮಾರಿತನದಿಂದ ಮುಖಪುಟಕ್ಕೆ ತಿರುಗಿಸಿದರೆ ಗೂಗಲ್ ಅದನ್ನು ‘ಪುಟವೇ ಇಲ್ಲ’ ಎಂದು ಪರಿಗಣಿಸಬಹುದು. ಈ ವ್ಯವಸ್ಥೆಯನ್ನು ಕಡಿಮೆಯೆಂದರೆ ಒಂದು ವರ್ಷ ಹಾಗೇ ಉಳಿಸಿಕೊಳ್ಳಿ ಎಂಬುದು ಗೂಗಲ್‌ನದೇ ಸಲಹೆ. ಎಲ್ಲ ಸರಿಯಾಗಿ ಮಾಡಿದರೂ ಹೊಸ ವಿಳಾಸ ನೆಲೆಯೂರಲು ವಾರಗಳು ಹಿಡಿಯುತ್ತವೆ. ಹಾಗಾಗಿ ಸೈಟು ಸಾಗಿಸುವ ಕೆಲಸವನ್ನು ಹಬ್ಬದ ಹೊಸ್ತಿಲಲ್ಲಿ ಇಟ್ಟುಕೊಳ್ಳಲೇಬಾರದು. ಯಾರಾದರೂ ಸೆಪ್ಟೆಂಬರಿನಲ್ಲಿ ‘ಹೊಸ ವೆಬ್‌ಸೈಟ್ ಮಾಡಿಕೊಡುತ್ತೇನೆ’ ಎಂದು ಬಂದರೆ ಕಾಫಿ ಕೊಟ್ಟು, ಕೊಯ್ಲು ಮುಗಿದ ಮೇಲೆ ಬನ್ನಿ ಎಂದು ಕಳಿಸುವುದು ಒಳ್ಳೆಯದು.

ಗಿಫ್ಟ್ ಬಾಕ್ಸ್ ಎಲ್ಲಿಡಬೇಕು?

ಹಬ್ಬಕ್ಕೆ ಹೆಚ್ಚಿನವರು ಮಾಡುವುದು ಗಿಫ್ಟ್ ಬಾಕ್ಸ್. ಪುಡಿಯ ಎರಡು ಪ್ಯಾಕೆಟ್, ಒಂದು ಹಿತ್ತಾಳೆ ಡಬರ-ಲೋಟ, ಸ್ವಲ್ಪ ಕರಿಮೆಣಸು, ಏಲಕ್ಕಿ. ಇದನ್ನು ಚೆನ್ನಾಗಿ ಓಡುತ್ತಿರುವ 250 ಗ್ರಾಂ ಲಿಸ್ಟಿಂಗಿನೊಳಗೇ ತುರುಕಿದರೆ ಅದರ ವಿಮರ್ಶೆಗಳೆಲ್ಲ ಬಾಕ್ಸಿಗೂ ಸಿಗುತ್ತವಲ್ಲ ಎಂಬ ಲೆಕ್ಕಾಚಾರ ಸಹಜ.

ಅಮೆಜಾನಿನ ನಿಯಮದಲ್ಲಿ ಇದು ತಪ್ಪು. ಒಂದೇ ಪುಡಿಯ 250 ಗ್ರಾಂ, 500 ಗ್ರಾಂ ಪ್ಯಾಕೆಟ್‌ಗಳನ್ನು ಒಂದು ಕುಟುಂಬವಾಗಿ ತೋರಿಸಬಹುದು. ಡಬರ-ಲೋಟ ಸೇರಿದ ಬಾಕ್ಸ್ ಬೇರೆಯದೇ ಸರಕು, ಅದಕ್ಕೆ ಬೇರೆಯದೇ ಲಿಸ್ಟಿಂಗ್ ಬೇಕು. ಹಳೆಯ ಎಎಸ್‌ಐಎನ್‌ನ ಮೇಲೆ ಹೊಸ ಸರಕಿನ ಫೋಟೊ, ವಿವರ ಬರೆದು ವಿಮರ್ಶೆಗಳನ್ನು ಎರವಲು ಪಡೆಯುವುದು ಲಿಸ್ಟಿಂಗನ್ನೇ ತೆಗೆದುಹಾಕುವಂಥ ಅಪರಾಧ. ನಿಯಮ ಬದಿಗಿರಲಿ, ‘ಹಿಂದಿನ ಸಲ ಪುಡಿ ಬಂದಿತ್ತು, ಈಗ ಲೋಟ ಬಂದಿದೆ’ ಎಂದು ಒಂದು ನಕ್ಷತ್ರ ಕೊಡುವ ಗಿರಾಕಿಯಿಂದ ಪಾರಾಗಲು ದಾರಿಯಿಲ್ಲ.

ಪುಡಿಯ ಹದ ಬದಲಿಸುವಾಗಲೂ ಇದೇ ಎಚ್ಚರ ಬೇಕು. ಕಾಫಿ ಬೆಲೆ ಏರಿತೆಂದು 80:20 ಇದ್ದದ್ದನ್ನು 70:30 ಮಾಡಿ, ಅದೇ ಲಿಸ್ಟಿಂಗಿನಲ್ಲಿ ಅಂಕಿ ತಿದ್ದಿ ಮಾರುವುದು ಸುಲಭವೆನಿಸುತ್ತದೆ. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ಶೇ 51ಕ್ಕಿಂತ ಕಡಿಮೆ ಇರಬಾರದು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು ಎನ್ನುತ್ತದೆ ಆಹಾರ ಸುರಕ್ಷತೆಯ ಕಾನೂನು. ಅದರ ಪ್ರಕಾರ 70:30 ತಪ್ಪಲ್ಲ. ಆದರೆ ಮೂರು ವರ್ಷದ ವಿಮರ್ಶೆಗಳು ಹೊಗಳಿರುವುದು ಬೇರೆ ರುಚಿಯನ್ನು. `80 20` ಎಂದು ಹುಡುಕಿ ಬರುತ್ತಿದ್ದವರೂ ಆ ದಿನದಿಂದ ನಿಮ್ಮವರಲ್ಲ. 200 ಗ್ರಾಂ ಇದ್ದದ್ದು 250 ಆದರೂ ಹೊಸ ಬಾರ್‌ಕೋಡ್ ಬೇಕೆನ್ನುತ್ತದೆ ಜಿಎಸ್1 ನಿಯಮ. ಬಾರ್‌ಕೋಡ್ ಹೊಸದಾದರೆ ಲಿಸ್ಟಿಂಗೂ ಹೊಸದು ಎಂದುಕೊಂಡರೆ ಲೆಕ್ಕ ತಪ್ಪುವುದಿಲ್ಲ.

ಸ್ವಂತ ಸೈಟಿನಲ್ಲಿ ಗಿಫ್ಟ್ ಬಾಕ್ಸಿಗೆ ಪುಟ ಮಾಡುವಾಗ ವಿಳಾಸದಲ್ಲಿ ಇಸವಿ ಹಾಕುವುದು ಬೇಡ. `/deepavali-gift-box-2025` ಎಂದು ಮಾಡಿದರೆ ಮುಂದಿನ ವರ್ಷ ಅದು ಹಳಸಿದ ಪುಟ. ಮತ್ತೊಂದು ಮಾಡಬೇಕು, ಮತ್ತೆ ಸೊನ್ನೆಯಿಂದ ಶುರು. `/deepavali-gift-box` ಎಂದಷ್ಟೇ ಇಟ್ಟು, ಒಳಗಿನ ಇಸವಿ, ಫೋಟೊ, ಬೆಲೆಯನ್ನು ವರ್ಷವರ್ಷ ತಿದ್ದಿದರೆ ಸಂಪಾದಿಸಿದ್ದು ಜೊತೆಗೇ ಉಳಿಯುತ್ತದೆ. ಅಮೆರಿಕದ ‘ಬ್ಲ್ಯಾಕ್ ಫ್ರೈಡೆ’ ಮಾರಾಟಗಾರರಿಗೆ ಗೂಗಲ್ ಕೊಟ್ಟ ಸಲಹೆಯೂ ಇದೇ: ಪುಟವನ್ನು ಬೇಗ ಮಾಡಿ, ಪ್ರತಿ ವರ್ಷ ಅದೇ ವಿಳಾಸ ಬಳಸಿ.

ಹಬ್ಬ ಮುಗಿದ ಮೇಲೂ ಆ ಪುಟವನ್ನು ಅಳಿಸಬೇಕಿಲ್ಲ. ‘ಸದ್ಯ ಲಭ್ಯವಿಲ್ಲ, ಮುಂದಿನ ದೀಪಾವಳಿಗೆ ಬರುತ್ತದೆ’ ಎಂಬ ಒಂದು ಸಾಲು, ಕೆಳಗೆ ಎಂದಿನ ಪುಡಿಯ ಲಿಂಕು ಇದ್ದರೆ ಸಾಕು. ಪುಟದೊಳಗಿನ ಸರಕಿನ ಮಾಹಿತಿಯಲ್ಲಿ ದಾಸ್ತಾನಿನ ಸ್ಥಿತಿಯನ್ನು `https://schema.org/OutOfStock` ಎಂದು ಬದಲಿಸಿದರೆ ಗೂಗಲ್‌ಗೂ ವಿಷಯ ತಿಳಿಯುತ್ತದೆ.

ದೀಪ, ಹೂವು ಮತ್ತು ಬಿಳಿ ಹಿನ್ನೆಲೆ

ಜಗಲಿಯ ಮೇಲೆ ತೆಗೆದ ಆ ಬಾಳೆಲೆ ಫೋಟೊ ಅಮೆಜಾನಿನ ಮೊದಲ ಚಿತ್ರವಾಗಲಾರದು. ಮೊದಲ ಚಿತ್ರಕ್ಕೆ ಅಚ್ಚ ಬಿಳಿ ಹಿನ್ನೆಲೆ ಬೇಕು, ಚೌಕಟ್ಟಿನ ಶೇ 85ರಷ್ಟು ಸರಕೇ ತುಂಬಿರಬೇಕು, ದೀಪ-ಹೂವು-ಬರಹ ಯಾವುದೂ ಇರಬಾರದು. ಹಬ್ಬದ ಚಿತ್ರಗಳು ಎರಡನೆಯದರಿಂದ ಮುಂದಕ್ಕೆ ಬರಲಿ. ನಿಯಮ ಹೀಗಿಲ್ಲದಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ: ಹಳೆಯ ಗಿರಾಕಿ ಹುಡುಕುವುದು ತನಗೆ ಪರಿಚಯದ ಪ್ಯಾಕೆಟ್ಟನ್ನು. ಹತ್ತಾರು ಪುಡಿಗಳ ನಡುವೆ ಅದು ಕಾಣದಿದ್ದರೆ ಅವನು ಪಕ್ಕದ್ದನ್ನು ಒತ್ತುತ್ತಾನೆ. ಹಾಗೆ ಕ್ಲಿಕ್ಕೂ ಮಾರಾಟವೂ ಇಳಿದರೆ ಮಾರಾಟದ ಚರಿತ್ರೆ ಸೊರಗುತ್ತದೆ, ಅದರ ಹಿಂದೆಯೇ ಸ್ಥಾನವೂ ಇಳಿಯುತ್ತದೆ.

ಇನ್ನೊಂದು ಸಣ್ಣ ವಿಷಯ. ತೋಟದಿಂದ ತೆಗೆದ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಮಗನಿಗೆ ಹೋಗಿ, ಅಲ್ಲಿಂದ ಲಿಸ್ಟಿಂಗ್ ಸೇರುವುದು ರೂಢಿ. ವಾಟ್ಸ್ಆ್ಯಪ್ ಚಿತ್ರವನ್ನು ಕುಗ್ಗಿಸಿ ಕಳಿಸುತ್ತದೆ. ಉದ್ದನೆಯ ಬದಿ 1,000 ಪಿಕ್ಸೆಲ್‌ಗಿಂತ ಕಡಿಮೆಯಾದರೆ ಅಮೆಜಾನಿನಲ್ಲಿ ಹಿಗ್ಗಿಸಿ ನೋಡಲು ಬರುವುದಿಲ್ಲ. ಪುಡಿಯ ತರಿ, ಚಿಕೋರಿಯ ಪ್ರಮಾಣ ಬರೆದ ಸಾಲು ಓದಲಾಗದು. ಚಿತ್ರವನ್ನು ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಮೂಲದಲ್ಲಿದ್ದಂತೆಯೇ ಹೋಗುತ್ತದೆ.

ಚಿತ್ರ, ಪದಗಳ ಜೊತೆಗೆ ಮಾತು ನಿಜವಾಗಿರಬೇಕೆಂಬುದನ್ನು ಇಲ್ಲಿ ಬೇರೆಯೇ ಹೇಳಬೇಕಾಗಿದೆ. ‘ಹೊಸ ಬೆಳೆಯ ಕಾಫಿ’ ಎಂದು ದಸರಾ ಹೊತ್ತಿಗೆ ಬರೆದುಕೊಳ್ಳುವವರಿದ್ದಾರೆ. ನಮ್ಮ ಬೆಟ್ಟಗಳಲ್ಲಿ ಅರೇಬಿಕಾ ಕೊಯ್ಲು ಬಿರುಸಾಗುವುದೇ ನವೆಂಬರಿನ ನಂತರ, ರೋಬಸ್ಟಾ ಅದಕ್ಕೂ ತಡ. ದಸರೆಗೆ ಹುರಿಯುವುದು ಹಿಂದಿನ ಹಂಗಾಮಿನ ಬೀಜವನ್ನು. ‘ಹೊಸದಾಗಿ ಹುರಿದದ್ದು’ ಎಂದರೆ ಸತ್ಯ, ‘ಹೊಸ ಬೆಳೆ’ ಎಂದರೆ ಅಲ್ಲ.

ಯಾವಾಗ ಮುಟ್ಟಬೇಕು?

ಪುಟದಲ್ಲಿ ಮಾಡಿದ ಬದಲಾವಣೆ ಗೂಗಲ್ ಹುಡುಕಾಟದಲ್ಲಿ ಕಾಣಲು ಕೆಲವು ಗಂಟೆಗಳಿಂದ ಹಿಡಿದು ಹಲವು ತಿಂಗಳವರೆಗೂ ಆಗಬಹುದು. ಪರಿಣಾಮ ಅಳೆಯಲು ಕೆಲವು ವಾರ ಕಾಯಿರಿ ಎನ್ನುತ್ತದೆ ಗೂಗಲ್. ದೊಡ್ಡ ಮಾರುಕಟ್ಟೆಗಳ ಹಬ್ಬದ ಮಾರಾಟ ಈಚಿನ ವರ್ಷಗಳಲ್ಲಿ ಸೆಪ್ಟೆಂಬರ್ ಕೊನೆಯ ಹೊತ್ತಿಗೇ ಶುರುವಾಗುತ್ತಿದೆ. ಈ ಎರಡನ್ನೂ ಸೇರಿಸಿ ಹಿಂದಕ್ಕೆ ಎಣಿಸಿದರೆ ಶೀರ್ಷಿಕೆ, ವಿವರಣೆ ತಿದ್ದುವ ಕೆಲಸ ವರಮಹಾಲಕ್ಷ್ಮಿ ಹಬ್ಬದ ಹೊತ್ತಿಗೆ ಶುರುವಾಗಿರಬೇಕು.

ಅದು ನಮ್ಮಲ್ಲಿ ಅತ್ಯಂತ ಅನಾನುಕೂಲದ ಕಾಲ. ಕಳಸ, ಕೊಟ್ಟಿಗೆಹಾರದ ಕಡೆ ಆಗಸ್ಟ್ ಎಂದರೆ ಧೋ ಎಂದು ಸುರಿಯುವ ಮಳೆ, ಮರ ಬಿದ್ದು ಹೋದ ಕರೆಂಟು, ಅದರ ಹಿಂದೆಯೇ ಹೋದ ನೆಟ್‌ವರ್ಕ್. ಫೋಟೊಗೆ ಬೆಳಕೂ ಇಲ್ಲ. ಆದ್ದರಿಂದ ಚಿತ್ರಗಳನ್ನು ಏಪ್ರಿಲ್-ಮೇ ಬಿಸಿಲಿನಲ್ಲೇ ತೆಗೆದಿಟ್ಟುಕೊಳ್ಳುವುದು ಮೇಲು. ಪದಗಳನ್ನು ಆಗಸ್ಟಿನಲ್ಲಿ ಒಂದೊಂದಾಗಿ ಬದಲಿಸಬಹುದು: ಮೊದಲು ಶೀರ್ಷಿಕೆ, ಎರಡು ವಾರದ ನಂತರ ವಿವರಣೆ, ಆಮೇಲೆ ಹೆಚ್ಚುವರಿ ಚಿತ್ರ. ಎಲ್ಲವನ್ನೂ ಒಂದೇ ರಾತ್ರಿ ಬದಲಿಸಿದರೆ ಸ್ಥಾನ ಕುಸಿದಾಗ ಯಾವುದರಿಂದ ಕುಸಿಯಿತೆಂದು ತಿಳಿಯುವುದಿಲ್ಲ, ಯಾವುದನ್ನು ವಾಪಸು ಹಾಕಬೇಕೆಂದೂ ತಿಳಿಯುವುದಿಲ್ಲ. ತಿದ್ದುವ ಮೊದಲು ಹಳೆಯ ಶೀರ್ಷಿಕೆ, ವಿವರಣೆಯನ್ನು ಒಂದು ಕಡತಕ್ಕೆ ನಕಲು ಮಾಡಿ ದಿನಾಂಕ ಬರೆದಿಡಬೇಕು. ಮಾರಾಟ ಶುರುವಾಗುವ ಎರಡು ವಾರ ಮೊದಲಿನಿಂದ ಬೆಲೆ, ದಾಸ್ತಾನು ಬಿಟ್ಟು ಬೇರೇನನ್ನೂ ಮುಟ್ಟದಿರುವುದು ಕ್ಷೇಮ.

ದಾಸ್ತಾನು ಎಂದಾಗ ಒಂದು ಮಾತು. ಶೀರ್ಷಿಕೆಯ ಬಗ್ಗೆ ಇಷ್ಟೆಲ್ಲ ತಲೆಕೆಡಿಸಿಕೊಂಡು, ದಸರಾ ಮಧ್ಯದಲ್ಲಿ ಪುಡಿ ಖಾಲಿಯಾಗಿ ಹತ್ತು ದಿನ ‘ಲಭ್ಯವಿಲ್ಲ’ ಎಂದು ತೋರಿಸಿದರೆ ಮಾರುಕಟ್ಟೆಯಲ್ಲಿ ಆಗುವ ನಷ್ಟ ಯಾವ ಕೆಟ್ಟ ಶೀರ್ಷಿಕೆಯಿಂದಲೂ ಆಗದು. ಗಿಫ್ಟ್ ಬಾಕ್ಸಿಗೆಂದು ಪ್ಯಾಕೆಟ್‌ಗಳನ್ನೆಲ್ಲ ಎತ್ತಿಟ್ಟು ಎಂದಿನ ಪುಡಿಗೆ ಬರ ಮಾಡಿಕೊಳ್ಳುವುದು ಸಾಮಾನ್ಯ ಎಡವಟ್ಟು. ಬಾಕ್ಸ್ ಮೂರು ವಾರದ ನೆಂಟ. ವರ್ಷವಿಡೀ ಮನೆ ನಡೆಸುವುದು ಪುಡಿ.

ಇಳಿದದ್ದು ಸ್ಥಾನವೋ, ಜನವೋ?

ಬದಲಾವಣೆಯ ನಂತರ ಆರ್ಡರ್ ಕಡಿಮೆಯಾದರೆ ಗಾಬರಿಯಲ್ಲಿ ಎಲ್ಲವನ್ನೂ ಮತ್ತೆ ತಿದ್ದುವುದು ಮನುಷ್ಯ ಸ್ವಭಾವ. ಅದಕ್ಕೂ ಮೊದಲು ಸರ್ಚ್ ಕನ್ಸೋಲಿನಲ್ಲಿ ಮೂರು ಅಂಕಿಗಳನ್ನು ಒಟ್ಟಿಗೆ ನೋಡಬೇಕು: ಪುಟ ಎಷ್ಟು ಸಲ ಕಂಡಿತು, ಸರಾಸರಿ ಎಷ್ಟನೇ ಸ್ಥಾನದಲ್ಲಿ ಕಂಡಿತು, ಎಷ್ಟು ಜನ ಒತ್ತಿದರು. ಇಡೀ ಸೈಟಿನ ಮೊತ್ತವಲ್ಲ, ಆ ಒಂದು ಪುಟದ, ಆ ಒಂದು ಹುಡುಕಾಟದ ಅಂಕಿ.

ನಮ್ಮ ಉದಾಹರಣೆಯಲ್ಲಿ `chikmagalur filter coffee`ಗೆ ಸರಾಸರಿ ಸ್ಥಾನ 6 ಇದ್ದದ್ದು ಈಗಲೂ 6 ಇದೆ, ಆದರೆ ಕಂಡ ಸಲಗಳು ಅರ್ಧಕ್ಕಿಳಿದಿವೆ ಎನ್ನಿ. ಹಾಗಾದರೆ ಸ್ಥಾನ ಹೋಗಿಲ್ಲ, ಹುಡುಕುವವರೇ ಕಡಿಮೆಯಾಗಿದ್ದಾರೆ. ಪಿತೃಪಕ್ಷದ ವಾರಗಳಲ್ಲಿ ಕೊಳ್ಳುವ ಉತ್ಸಾಹವೇ ತಗ್ಗುವುದೂ ಇದೆ. ಸ್ಥಾನ 6ರಿಂದ 15ಕ್ಕೆ ಹೋಗಿದ್ದರೆ ಅದು ನಿಜವಾದ ಕುಸಿತ: ಆ ಪದ ಶೀರ್ಷಿಕೆಯಿಂದ ಬಿದ್ದುಹೋಗಿದೆಯೇ, ಲಿಂಕು ಬದಲಾಗಿದೆಯೇ ನೋಡಬೇಕು, ನಕಲು ಮಾಡಿಟ್ಟ ಹಳೆಯ ಶೀರ್ಷಿಕೆಯನ್ನು ವಾಪಸು ಹಾಕಬೇಕು. ಸ್ಥಾನವೂ ಅಷ್ಟೇ, ಕಂಡ ಸಲವೂ ಅಷ್ಟೇ, ಒತ್ತಿದವರು ಮಾತ್ರ ಕಡಿಮೆ ಎಂದರೆ ಹೊಸ ಶೀರ್ಷಿಕೆ ಹಿಡಿಸಿಲ್ಲ, ಅಥವಾ ಮೇಲೆ ಹಬ್ಬದ ಜಾಹೀರಾತುಗಳು ತುಂಬಿಕೊಂಡಿವೆ. ಆಗ ಪದಗಳ ಕ್ರಮ ನೋಡಿದರೆ ಸಾಕು, ಬುಡಕ್ಕೆ ಕೈ ಹಾಕಬೇಕಿಲ್ಲ.

ಕಳೆದ ವರ್ಷದ ಜೊತೆ ಹೋಲಿಸುವಾಗ ಕ್ಯಾಲೆಂಡರ್ ಮೋಸ ಮಾಡುತ್ತದೆ. 2024ರಲ್ಲಿ ಬಲಿಪಾಡ್ಯಮಿ ನವೆಂಬರ್ 2ಕ್ಕೆ ಬಂತು, 2025ರಲ್ಲಿ ಅಕ್ಟೋಬರ್ 22ಕ್ಕೆ. ಅಕ್ಟೋಬರಿಗೆ ಅಕ್ಟೋಬರನ್ನೇ ಎದುರಿಟ್ಟರೆ ಒಂದು ಕಡೆ ಹಬ್ಬದ ವಾರ, ಇನ್ನೊಂದು ಕಡೆ ಬರೀ ವಾರ. ಎಣಿಸಬೇಕಾದ್ದು ಪಾಡ್ಯದಿಂದ ಹಿಂದಕ್ಕೆ: ಹಬ್ಬಕ್ಕೆ ನಾಲ್ಕು ವಾರ ಮೊದಲು ಅಂದು ಎಷ್ಟು, ಇಂದು ಎಷ್ಟು. ಅಧಿಕ ಮಾಸ ಬಂದ ವರ್ಷ ಈ ಅಂತರ ಇನ್ನೂ ಹಿಗ್ಗುತ್ತದೆ.

ಸರ್ಚ್ ಕನ್ಸೋಲ್ ಹಳೆಯ ಅಂಕಿಗಳನ್ನು 16 ತಿಂಗಳವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ. ಈ ದೀಪಾವಳಿಯ ಅಂಕಿಗಳು ಮುಂದಿನ ದೀಪಾವಳಿಗೆ ಸಿಗುತ್ತವೆ, ಅದರಾಚೆಯದಕ್ಕೆ ಸಿಗುವುದಿಲ್ಲ. ಹಾಗಾಗಿ ಹಬ್ಬದ ಮಾರಾಟ ಮುಗಿದು, ಹಣ್ಣು ಕೀಳಲು ಆಳುಗಳು ತೋಟಕ್ಕೆ ಇಳಿಯುವ ಮೊದಲೇ, ಸೆಪ್ಟೆಂಬರಿನಿಂದ ನವೆಂಬರ್‌ವರೆಗಿನ ಲೆಕ್ಕವನ್ನು ಒಂದು ಎಕ್ಸೆಲ್ ಹಾಳೆಗೆ ಇಳಿಸಿಟ್ಟು, ಪಕ್ಕದ ಕಾಲಂನಲ್ಲಿ ಯಾವ ದಿನ ಏನು ಬದಲಿಸಿದ್ದೆವೆಂದು ಬರೆದುಕೊಳ್ಳಬೇಕು.